ಕನ್ಸೆಷನ್ ಕೇಳುವ ಮುಂಚೆ ಲೆಕ್ಕ ಕೇಳಿ

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಅಲ್ಲಲ್ಲಿ ದಾರಿ ತಪ್ಪಿದ್ದನ್ನು ಸ್ವಲ್ಪ ಸರಿ ಮಾಡಿದ್ದೇನೆ. ಪೂರ್ತಿ ಅಲ್ಲ.)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಒಳಗೆ ನಾನು ಹನ್ನೊಂದು ವರ್ಷ ಕೂತಿದ್ದೆ. ಗಾಜಿನ ಆಚೆ ನಿಂತವರು ಹೇಳುವ ಮೊದಲ ಮಾತು ಹೆಚ್ಚುಕಡಿಮೆ ಯಾವಾಗಲೂ ಒಂದೇ. "ಸಾರ್, ಏನಾದ್ರೂ ಸ್ವಲ್ಪ ಕಡಿಮೆ ಮಾಡಿ." ಅದಕ್ಕೆ ನಮ್ಮ ಉತ್ತರವೂ ಒಂದೇ. "ಸಿಸ್ಟಮ್‌ನಲ್ಲಿ ಬರಲ್ಲ ಮೇಡಂ, ಮ್ಯಾನೇಜರ್‌ನ ಕೇಳಿ." ಮ್ಯಾನೇಜರ್ ಮೀಟಿಂಗ್‌ನಲ್ಲಿ ಇರುತ್ತಾರೆ. ಅಷ್ಟರಲ್ಲಿ ಗಂಟೆ ಎರಡಾಗುತ್ತದೆ, ಮೇಲೆ ಪೇಷಂಟು ಬಟ್ಟೆ ಬದಲಿಸಿಕೊಂಡು ಮಂಚದ ಮೇಲೆ ಕೂತಿರುತ್ತಾರೆ, ಕೆಳಗಡೆ ಆಟೋ ಕಾಯುತ್ತಿರುತ್ತದೆ. ಕೊನೆಗೆ ಎರಡು ಸಾವಿರ ಬಿಟ್ಟರೆ ಅದೇ ದೊಡ್ಡದು ಅಂತ ಕಾರ್ಡ್ ಉಜ್ಜಿ ಹೋಗುತ್ತಾರೆ.

ಕೌಂಟರಿನ ಹುಡುಗನಿಗೆ ಕನ್ಸೆಷನ್ ಕೊಡುವ ಅಧಿಕಾರ ಇರುವುದಿಲ್ಲ. ಅಥವಾ ನೂರಿನ್ನೂರರಷ್ಟು ಇರುತ್ತದೆ. ಆದರೆ ತಪ್ಪಾಗಿ ಸೇರಿದ ಒಂದು ಐಟಂ ತೆಗೆಯುವುದು ಅವನ ದಿನದ ಕೆಲಸ. ಅದಕ್ಕೆ ಯಾರ ದಯೆಯೂ ಬೇಡ, ವಾರ್ಡಿನಿಂದ ಒಂದು ಫೋನ್ ಸಾಕು. ನಾನು ಕಂಡಂತೆ, ತಿದ್ದುಪಡಿಯಿಂದ ಇಳಿಯುವ ದುಡ್ಡು ಕನ್ಸೆಷನ್‌ನಿಂದ ಇಳಿಯುವುದಕ್ಕಿಂತ ಸಾಮಾನ್ಯವಾಗಿ ಜಾಸ್ತಿ. ಹಾಗಿದ್ದರೂ ಜನ ಕನ್ಸೆಷನ್ನನ್ನೇ ಮೊದಲು ಕೇಳುತ್ತಾರೆ. ಒಮ್ಮೆ ಕನ್ಸೆಷನ್ ಹಾಕಿ ಫೈನಲ್ ಬಿಲ್ ಮಾಡಿದ ಮೇಲೆ "ಈ ಐಟಂ ತಪ್ಪು" ಅಂದರೆ ಒಳಗಿನವರಿಗೂ ಕಿರಿಕಿರಿ. "ಆಗಲೇ ಕಡಿಮೆ ಮಾಡಿಕೊಟ್ಟೆವಲ್ಲ" ಅನ್ನುತ್ತಾರೆ.

ಬಿಲ್ ಹೇಗೆ ಹುಟ್ಟುತ್ತದೆ ಅನ್ನುವುದನ್ನು ಮೊದಲು ಹೇಳಬೇಕು. ಇಲ್ಲದಿದ್ದರೆ ತಪ್ಪು ಎಲ್ಲಿ ಹುಡುಕಬೇಕು ಅಂತಲೇ ಗೊತ್ತಾಗುವುದಿಲ್ಲ. ಬಿಲ್ಲನ್ನು ಬಿಲ್ಲಿಂಗ್‌ನವರು ಬರೆಯುತ್ತಾರೆ ಅಂತ ಬಹಳ ಜನ ತಿಳಿದಿದ್ದಾರೆ. ಇಲ್ಲ. ನಾವು ಕೂಡಿಸುತ್ತೇವೆ ಅಷ್ಟೇ. ಬರೆಯುವವರು ವಾರ್ಡಿನ ಸಿಸ್ಟರ್‌ಗಳು, ಲ್ಯಾಬಿನವರು, ಫಾರ್ಮಸಿಯವರು. ಡಾಕ್ಟರ್ ರೌಂಡ್ಸ್ ಮುಗಿಸಿ ಹೋದ ಮೇಲೆ ಸಿಸ್ಟರ್ ಕಂಪ್ಯೂಟರಿನಲ್ಲಿ ಒಂದು ವಿಸಿಟ್ ಹಾಕುತ್ತಾರೆ. ಔಷಧ ಬೇಕಾದಾಗ ಫಾರ್ಮಸಿಗೆ ಇಂಡೆಂಟ್, ಅಂದರೆ ಬೇಡಿಕೆ ಚೀಟಿ, ಕಳಿಸುತ್ತಾರೆ. ಔಷಧ ವಾರ್ಡಿಗೆ ಬಂದ ಕ್ಷಣವೇ ಅದು ನಿಮ್ಮ ಲೆಕ್ಕಕ್ಕೆ ಬಿತ್ತು, ಪೇಷಂಟಿಗೆ ಕೊಟ್ಟರೋ ಇಲ್ಲವೋ ಅದು ಆಮೇಲಿನ ಮಾತು. ರಾತ್ರಿ ಪಾಳಿಯವರು ಹಾಕಿದ್ದನ್ನೇ ಬೆಳಗಿನ ಪಾಳಿಯವರು ಇನ್ನೊಮ್ಮೆ ಹಾಕುವುದೂ ಉಂಟು. ಇದರಲ್ಲಿ ಮೋಸ ಇದ್ದೇ ಇರುತ್ತದೆ ಅಂತ ನಾನು ಹೇಳುವುದಿಲ್ಲ. ಇಪ್ಪತ್ತು ಪೇಷಂಟುಗಳಿಗೆ ಇಬ್ಬರು ಸಿಸ್ಟರ್ ಇರುವ ಕಡೆ ಆಗುವ ಎಡವಟ್ಟುಗಳು ಇವು. ಆದರೆ ಒಂದು ತಮಾಷೆ ನೋಡಿ. ಎಡವಟ್ಟು ಆಸ್ಪತ್ರೆಗೆ ನಷ್ಟ ಮಾಡಿದರೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತದೆ. ನಿಮಗೆ ನಷ್ಟ ಮಾಡಿದರೆ ಅದನ್ನು ಹಿಡಿಯುವವರು ನೀವೊಬ್ಬರೇ.

ಈಗ ಒಂದು ಕೇಸ್ ಹೇಳುತ್ತೇನೆ. ಕೆಲಸ ಬಿಟ್ಟ ಮೇಲೆ ನಮ್ಮ ಪಕ್ಕದ ಬೀದಿಯ ಹುಡುಗನೊಬ್ಬ ಅವನ ತಂದೆಯ ಬಿಲ್ ಹಿಡಿದು ಬಂದಿದ್ದ. ಡೆಂಗೆ ಜ್ವರ, ಪ್ಲೇಟ್‌ಲೆಟ್ ಇಳಿದಿತ್ತು. ವಿಮೆ ಇರಲಿಲ್ಲ. ಸೇರಿಸುವಾಗ "ಲಕ್ಷದ ಆಸುಪಾಸು ಆಗಬಹುದು" ಅಂದಿದ್ದರಂತೆ. ಶನಿವಾರ ಸಂಜೆ ಕೈಗೆ ಕೊಟ್ಟ ಬಿಲ್ 2,38,400 ರೂಪಾಯಿ. ಭಾನುವಾರ ಬೆಳಿಗ್ಗೆ ಡಿಸ್ಚಾರ್ಜ್. ಒಂದೇ ಹಾಳೆ, ಅದರಲ್ಲಿ ಏಳು ಸಾಲು: ರೂಮ್, ಐಸಿಯು, ಫಾರ್ಮಸಿ, ಲ್ಯಾಬ್, ಡಾಕ್ಟರ್ ಫೀ, ನರ್ಸಿಂಗ್, ಇತರೆ. ಈ ಹಾಳೆ ಇಟ್ಟುಕೊಂಡು ಯಾರ ಜೊತೆಯೂ ಮಾತಾಡಲು ಆಗುವುದಿಲ್ಲ. ಅದಕ್ಕೆ ಅವನಿಗೆ ಹೇಳಿದೆ: ವಾಪಸ್ ಹೋಗು, ಡಿಟೇಲ್ಡ್ ಬಿಲ್ ಕೇಳು. ದಿನವಾರು, ಐಟಂವಾರು ಇರಬೇಕು. ಫಾರ್ಮಸಿಯದ್ದು ಬೇರೆ ತಗೋ, ಅದರಲ್ಲಿ ರಿಟರ್ನ್ ಕೂಡ ಕಾಣಬೇಕು. ಲ್ಯಾಬ್ ರಿಪೋರ್ಟ್ ಎಲ್ಲ ತಾರೀಖಿನ ಪ್ರಕಾರ ಜೋಡಿಸಿಕೋ. ಮತ್ತೆ ಸಿಸ್ಟರ್ ಹತ್ತಿರ ಕೇಸ್‌ಶೀಟ್ ನೋಡಬೇಕು ಅಂತ ಕೇಳು.

ಡಿಟೇಲ್ಡ್ ಬಿಲ್ ಹದಿನಾಲ್ಕು ಪುಟ ಬಂತು. ರಾತ್ರಿ ನಮ್ಮ ಮನೆಯ ಊಟದ ಟೇಬಲ್ ಮೇಲೆ ಹರಡಿಕೊಂಡು ಕೂತೆವು.

ಮೊದಲು ನೋಡಿದ್ದು ರೂಮ್. ಯಾಕೆಂದರೆ ಅಲ್ಲಿ ಎಣಿಕೆ ಸುಲಭ. ತಂದೆ ಸೇರಿದ್ದು ಸೋಮವಾರ ಬೆಳಿಗ್ಗೆ, ವಾರ್ಡಿಗೆ. ಮಂಗಳವಾರ ಮಧ್ಯಾಹ್ನ ಐಸಿಯುಗೆ ಹೋದರು. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ವಾರ್ಡ್. ಬಿಲ್ ಆದದ್ದು ಶನಿವಾರದವರೆಗೆ. ಅಂದರೆ ಆರು ದಿನ. ಬಿಲ್ಲಿನಲ್ಲಿ ವಾರ್ಡ್ ಐದು ದಿನ, ಐಸಿಯು ಮೂರು ದಿನ. ಒಟ್ಟು ಎಂಟು! ಒಬ್ಬ ಮನುಷ್ಯ ಆರು ದಿನದಲ್ಲಿ ಎಂಟು ದಿನ ಮಲಗಿದ್ದು ಹೇಗೆ? ಮಂಗಳವಾರವೂ ಗುರುವಾರವೂ ಎರಡೆರಡು ಹಾಸಿಗೆಗೆ ಬಾಡಿಗೆ ಬಿದ್ದಿತ್ತು. ಸ್ಥಳಾಂತರ ಆದ ದಿನ ಇದು ಆಗುವುದು ತುಂಬಾ ಮಾಮೂಲು. ಹಳೆ ಹಾಸಿಗೆಯನ್ನು ಸಿಸ್ಟಮ್‌ನಲ್ಲಿ ಯಾರೋ ತಡವಾಗಿ ಖಾಲಿ ಮಾಡಿರುತ್ತಾರೆ. ಮಂಗಳವಾರದ ವಾರ್ಡ್ ಬಾಡಿಗೆ 4,500. ಗುರುವಾರದ ಐಸಿಯು ಬಾಡಿಗೆ 14,000. ಎರಡೂ ಸೇರಿ 18,500.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಸ್ಥಳಾಂತರದ ದಿನ ಎರಡರಲ್ಲಿ ದೊಡ್ಡ ಬಾಡಿಗೆ ಹಾಕುತ್ತೇವೆ ಅಂತ ಕೆಲವು ಆಸ್ಪತ್ರೆಗಳಲ್ಲಿ ನಿಯಮವೇ ಇರುತ್ತದೆ. ಹಾಗಿದ್ದರೆ ಗುರುವಾರದ ಐಸಿಯು ಬಾಡಿಗೆ ಉಳಿದು, ವಾರ್ಡಿನದ್ದು ಹೋಗುತ್ತಿತ್ತು. ಆದ್ದರಿಂದ "ಎರಡು ಹಾಕಿದ್ದೀರಿ, ಒಂದು ತೆಗೆಯಿರಿ" ಅಂತ ಸುಮ್ನೆ ಕೇಳಬಾರದು. ಐಸಿಯು ಬಿಟ್ಟ ಸಮಯ ಕೇಸ್‌ಶೀಟಿನಲ್ಲಿ ಬೆಳಿಗ್ಗೆ 9 ಅಂತ ಇದೆ, ಆ ದಿನ ಪೂರ್ತಿ ಐಸಿಯು ಬಾಡಿಗೆ ಯಾಕೆ ಅಂತ ಕೇಳಬೇಕು. ಸಮಯ ಹೇಳಿದರೆ ಎದುರಿನವರಿಗೆ ಕೀಲಿ ಒತ್ತಲು ಒಂದು ಕಾರಣ ಸಿಗುತ್ತದೆ.

ಎರಡನೆಯದು ಲ್ಯಾಬ್. ಡೆಂಗೆಯಲ್ಲಿ ಪ್ಲೇಟ್‌ಲೆಟ್ ನೋಡಲು ದಿನಕ್ಕೆ ಎರಡು ಮೂರು ಸಲ ರಕ್ತ ತೆಗೆಯುತ್ತಾರೆ. ಬಿಲ್ಲಿನಲ್ಲಿ ಸಿಬಿಸಿ, ಅಂದರೆ ಆ ರಕ್ತಪರೀಕ್ಷೆ, ಹದಿನೇಳು. ಕೈಯಲ್ಲಿದ್ದ ರಿಪೋರ್ಟು ಹದಿನಾಲ್ಕು. ಒಂದಕ್ಕೆ 450ರಂತೆ 1,350. ಸಣ್ಣ ಮೊತ್ತ ನಿಜ. ಆದರೆ ಮೊದಲು ಇಂಥದ್ದನ್ನೇ ತೋರಿಸಿ ಅಂತ ನಾನು ಹೇಳುತ್ತೇನೆ. ಇದರಲ್ಲಿ ವಾದಕ್ಕೆ ಜಾಗವೇ ಇಲ್ಲ. ರಿಪೋರ್ಟ್ ಇಲ್ಲದ ಟೆಸ್ಟಿಗೆ ದುಡ್ಡು ಯಾಕೆ ಅಂದರೆ ಯಾರು ಏನು ಹೇಳಿಯಾರು? ಇದು ತಪ್ಪು ಅಂತ ಒಪ್ಪಿದ ಮೇಲೆ ಮುಂದಿನ ಸಾಲನ್ನೂ ಅವರು ಗಮನ ಕೊಟ್ಟೇ ನೋಡುತ್ತಾರೆ.

ಮೂರನೆಯದು ಫಾರ್ಮಸಿ. ನನ್ನ ಅನುಭವದಲ್ಲಿ ದುಡ್ಡು ಜಾಸ್ತಿ ಅಡಗಿರುವುದು ಇಲ್ಲೇ, ಹುಡುಕುವುದು ಕಷ್ಟವೂ ಇಲ್ಲೇ. ಸೇರಿದ ದಿನ ಜ್ವರ ಯಾವುದು ಅಂತ ಖಾತ್ರಿ ಇರಲಿಲ್ಲ. ಆಂಟಿಬಯಾಟಿಕ್ ಇಂಜೆಕ್ಷನ್ ಶುರು ಮಾಡಿದ್ದರು. ಐದು ದಿನಕ್ಕೆ ಬೇಕಾದಷ್ಟು ವಯಲ್ ಒಟ್ಟಿಗೆ ತರಿಸಿಟ್ಟಿದ್ದರು. ಡೆಂಗೆ ಅಂತ ಗೊತ್ತಾದ ಮೇಲೆ ಡಾಕ್ಟರ್ ಅದನ್ನು ನಿಲ್ಲಿಸಿದರು. ಡೆಂಗೆ ವೈರಸ್‌ನಿಂದ ಬರುವುದು, ಅದಕ್ಕೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಕೇಸ್‌ಶೀಟಿನ ಔಷಧದ ಚಾರ್ಟಿನಲ್ಲಿ ಬುಧವಾರದಿಂದ ಆ ಸಾಲಿಗೆ ಗೆರೆ ಎಳೆದಿತ್ತು. ಫಾರ್ಮಸಿ ಬಿಲ್ಲಿನಲ್ಲಿ ಮಾತ್ರ ರಿಟರ್ನ್ ಅನ್ನುವ ಕಾಲಂ ಖಾಲಿ. ಆರು ವಯಲ್ ವಾರ್ಡಿನ ಕಪಾಟಿನಲ್ಲೇ ಇದ್ದವು. ಒಂದಕ್ಕೆ 1,150, ಒಟ್ಟು 6,900.

ಇದನ್ನು ಡಿಸ್ಚಾರ್ಜ್‌ಗೆ ಮುಂಚೆಯೇ ಕೇಳಬೇಕು. ಫೈನಲ್ ಬಿಲ್ ಆಗುವ ಮೊದಲು ವಾರ್ಡಿನಿಂದ ಫಾರ್ಮಸಿಗೆ ರಿಟರ್ನ್ ಕಳಿಸುವುದು ಸಿಸ್ಟರ್ ಕೈಯಲ್ಲಿರುವ ಕೆಲಸ. "ಸಿಸ್ಟರ್, ಉಳಿದ ಔಷಧ ರಿಟರ್ನ್ ಹಾಕಿದ್ರಾ?" ಅಂತ ಹಿಂದಿನ ರಾತ್ರಿಯೇ ಕೇಳಿದರೆ ಐದು ನಿಮಿಷದ ಕೆಲಸ. ಡಿಸ್ಚಾರ್ಜ್ ಆದ ಮೇಲೆ ಕೇಳಿದರೆ ಆ ವಯಲ್ ಎಲ್ಲಿ ಹೋಯಿತು ಅಂತ ಹುಡುಕಲು ಯಾರೂ ಇರುವುದಿಲ್ಲ. ಸೀಲ್ ಒಡೆದದ್ದು, ಫ್ರಿಜ್‌ನಿಂದ ಹೊರಗಿಟ್ಟದ್ದು ವಾಪಸ್ ಆಗುವುದಿಲ್ಲ. ಅದನ್ನು ಕೇಳಿ ಪ್ರಯೋಜನ ಇಲ್ಲ.

ಆಮೇಲೆ ವಿಸಿಟ್‌ಗಳು. ಫಿಸಿಷಿಯನ್ ಹನ್ನೊಂದು ಸಲ ಬಂದಂತೆ ಬಿಲ್. ಕೇಸ್‌ಶೀಟಿನಲ್ಲಿ ಅವರು ಬರೆದು ಸಹಿ ಹಾಕಿದ ಟಿಪ್ಪಣಿ ಒಂಬತ್ತು. ಸಲಕ್ಕೆ 1,200, ಎರಡಕ್ಕೆ 2,400. ಇದರ ಜೊತೆ ಫಿಸಿಯೋಥೆರಪಿ ಮೂರು ಸಲ ಅಂತ ಇನ್ನೊಂದು 2,400. "ಯಾರೋ ಒಬ್ಬರು ಬಂದು ಊದೋ ಆಟಿಕೆ ತೋರಿಸಿ ಹೋದರು" ಅಂತ ತಂದೆ ನೆನಪು ಮಾಡಿಕೊಂಡರು. ಆದರೆ ಅದು ಪಕ್ಕದ ಮಂಚದವರಿಗೆ ತೋರಿಸಿದ್ದು!

ಇಷ್ಟಕ್ಕೇ 31,550 ಆಯಿತು. ಯಾರ ಮುಂದೆಯೂ ಕೈಚಾಚದೆ.

ಇನ್ನೊಂದು ಗುಂಪು ಉಳಿದಿತ್ತು. ಅದು ನೇರ ತಪ್ಪಲ್ಲ, ಬೂದು ಬಣ್ಣದ್ದು. ಐಸಿಯು ಬಾಡಿಗೆ ಬೇರೆ, ಮಾನಿಟರ್ ದಿನಕ್ಕೆ 1,500 ಬೇರೆ, ಇನ್ಫ್ಯೂಷನ್ ಪಂಪ್ ದಿನಕ್ಕೆ 800 ಬೇರೆ. ಮೂರು ದಿನಕ್ಕೆ 6,900. ಫೈಲ್ ಚಾರ್ಜ್, ಅಡ್ಮಿಷನ್ ಚಾರ್ಜ್, ಅಡ್ಮಿಷನ್ ಕಿಟ್ ಸೇರಿ 1,850. ಮಾನಿಟರ್ ಇಲ್ಲದೆ ಐಸಿಯು ಅಂತ ಹೇಗೆ ಕರೆಯುತ್ತಾರೆ ಅಂತ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸುತ್ತದೆ. ಆದರೆ ಅನ್ನಿಸಿದ್ದನ್ನು ಹೇಳಿದರೆ ಅಲ್ಲಿ ನಡೆಯುವುದಿಲ್ಲ. ಅಲ್ಲಿ ನೋಡಬೇಕಾದ್ದು ದರಪಟ್ಟಿ. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರದ್ದು, ಎಲ್ಲರೂ ಕೆಪಿಎಂಇ ಅನ್ನುತ್ತಾರಲ್ಲ, ಅದರ ಪ್ರಕಾರ ದರಗಳನ್ನು ಜನರಿಗೆ ಕಾಣುವಂತೆ ಹಾಕಬೇಕು. ಹುಡುಗ ಹೋಗಿ ದರಪಟ್ಟಿಯ ಫೋಟೋ ತೆಗೆದು ತಂದ. ಐಸಿಯು ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ "ಮಾನಿಟರ್ ಮತ್ತು ಪಂಪ್ ಸೇರಿ" ಅಂತ ಇತ್ತು. ಆ 6,900 ಅಲ್ಲಿಗೆ ಮುಗಿಯಿತು. ಫೈಲ್ ಚಾರ್ಜಿನ 1,850 ಮಾತ್ರ ಕೊನೆಗೂ ಹೋಗಲಿಲ್ಲ, ಪಟ್ಟಿಯಲ್ಲಿ ಅದು ಬೇರೆಯಾಗಿಯೇ ಇತ್ತು.

ಒಬ್ಬರು ನಡುವೆ ಎದ್ದು ಕೇಳಿದರು: "ಸರ್ಕಾರ ಇಂತಿಷ್ಟೇ ತಗೋಬೇಕು ಅಂತ ದರ ನಿಗದಿ ಮಾಡಿಲ್ವಾ?" ಕೈಯಿಂದ ದುಡ್ಡು ಕಟ್ಟುವವರಿಗೆ ಇಲ್ಲ. 2017ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ತಂದಾಗ ಅಂಥ ಯೋಚನೆ ಇತ್ತು. ಖಾಸಗಿ ವೈದ್ಯರು ಮುಷ್ಕರ ಮಾಡಿದ್ದು ನಿಮಗೆ ನೆನಪಿರಬಹುದು. ಕೊನೆಗೆ ದರ ನಿಗದಿ ಸರ್ಕಾರಿ ಯೋಜನೆಗಳ ಚಿಕಿತ್ಸೆಗೆ ಮಾತ್ರ ಉಳಿಯಿತು. ಹೃದಯದ ಸ್ಟೆಂಟ್, ಮಂಡಿ ಇಂಪ್ಲಾಂಟ್ ಇಂಥವಕ್ಕೆ ಕೇಂದ್ರದ ಬೆಲೆ ಮಿತಿ 2017ರಿಂದ ಇದೆ. ಉಳಿದ ಬಹುಪಾಲಿಗೆ ಆಸ್ಪತ್ರೆ ತಾನೇ ಹಾಕಿದ ಪಟ್ಟಿಯೇ ಅಳತೆಗೋಲು. ಹಾಗಾಗಿ "ಪಕ್ಕದ ಆಸ್ಪತ್ರೆಯಲ್ಲಿ ಇಷ್ಟೇ" ಅನ್ನುವ ವಾದಕ್ಕೆ ಕೌಂಟರಿನಲ್ಲಿ ಬೆಲೆ ಇಲ್ಲ. "ನಿಮ್ಮ ಪಟ್ಟಿಯಲ್ಲೇ ಇಷ್ಟಿದೆ" ಅನ್ನುವುದಕ್ಕೆ ಇದೆ.

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಹುಡುಗ ಹೋದ. ಜನ ಸೇರುವ ಮುಂಚೆ ಹೋಗು ಅಂದಿದ್ದೆ. ಹನ್ನೊಂದರ ಮೇಲೆ ಎಲ್ಲ ವಾರ್ಡಿನ ಡಿಸ್ಚಾರ್ಜೂ ಒಟ್ಟಿಗೆ ಬರುತ್ತವೆ, ಆಗ ಯಾರಿಗೂ ಪುಟ ತಿರುಗಿಸುವ ಪುರುಸೊತ್ತಿರುವುದಿಲ್ಲ. ಒಂದು ಹಾಳೆಯಲ್ಲಿ ಆರು ಸಾಲು ಬರೆದುಕೊಂಡಿದ್ದ: ಪುಟ ಸಂಖ್ಯೆ, ಐಟಂ, ಏನು ತಪ್ಪು, ಎಷ್ಟು. ಕೂಗಾಡಲಿಲ್ಲ. "ಇದನ್ನು ಒಂಚೂರು ವಾರ್ಡಿಗೆ ಕೇಳಿ ಸರಿ ಮಾಡಿಕೊಡಿ" ಅಂದ ಅಷ್ಟೇ. ಮುಕ್ಕಾಲು ಗಂಟೆಯಲ್ಲಿ ಐದು ಸಾಲು ಸರಿಯಾದವು. ಐಸಿಯು ಬಾಡಿಗೆಗೆ ಮಾತ್ರ ಬಿಲ್ಲಿಂಗ್ ಮ್ಯಾನೇಜರ್ ಬರಬೇಕಾಯಿತು. ಒಟ್ಟು ಇಳಿದದ್ದು 38,450. ಬಿಲ್ 1,99,950ಕ್ಕೆ ಬಂತು.

ಈಗ ಕನ್ಸೆಷನ್. ಮ್ಯಾನೇಜರ್ ಎದುರಿಗೇ ಇದ್ದರು, ಹಾಳೆ ನೋಡಿದ್ದರು, ಈ ಹುಡುಗ ಸುಮ್ನೆ ಗಲಾಟೆ ಮಾಡುವವನಲ್ಲ ಅಂತ ಗೊತ್ತಾಗಿತ್ತು. ಆಗ ಅವನು ಕೇಳಿದ ರೀತಿ ನಾನು ಹೇಳಿಕೊಟ್ಟದ್ದು. "ಲಕ್ಷ ಅಂದಿದ್ರಿ ಸಾರ್, ಎರಡು ಲಕ್ಷ ಆಗಿದೆ. ಇವತ್ತೇ ಪೂರ್ತಿ ಕಟ್ಟುತ್ತೇನೆ. ಆಸ್ಪತ್ರೆಯ ಭಾಗದಲ್ಲಿ ಎಷ್ಟು ಬಿಡೋಕಾಗತ್ತೆ?" ಇದರಲ್ಲಿ "ಆಸ್ಪತ್ರೆಯ ಭಾಗ" ಅನ್ನುವ ಮಾತು ಮುಖ್ಯ. ಬಿಲ್ಲಿನ ದುಡ್ಡೆಲ್ಲ ಒಂದೇ ಜೇಬಿಗೆ ಹೋಗುವುದಿಲ್ಲ. ಡಾಕ್ಟರ್ ಫೀ ಬಹಳ ಕಡೆ ಡಾಕ್ಟರಿಗೇ ಹೋಗುತ್ತದೆ, ಅದನ್ನು ಬಿಡಲು ಮ್ಯಾನೇಜರ್‌ಗೆ ಆಗುವುದಿಲ್ಲ. ಔಷಧದಲ್ಲೂ ಸಾಮಾನ್ಯವಾಗಿ ಬಿಡುವುದಿಲ್ಲ. ರೂಮ್, ನರ್ಸಿಂಗ್, ಲ್ಯಾಬ್, ಇವು ಆಸ್ಪತ್ರೆಯ ಸ್ವಂತದ್ದು. ಒಟ್ಟು ಬಿಲ್ಲಿನ ಮೇಲೆ ಹತ್ತು ಪರ್ಸೆಂಟ್ ಕೇಳಿದರೆ "ಆಗಲ್ಲ" ಅನ್ನುವವರೇ ಈ ಭಾಗದ ಮೇಲೆ ಕೇಳಿದರೆ ಯೋಚಿಸುತ್ತಾರೆ. ಇಲ್ಲಿ ಆ ಭಾಗ 1,10,000 ಇತ್ತು. ಹತ್ತು ಪರ್ಸೆಂಟ್, 11,000 ಬಿಟ್ಟರು.

ಡಾಕ್ಟರ್ ಫೀಗೆ ಡಾಕ್ಟರನ್ನೇ ಕೇಳಬೇಕು. ರೌಂಡ್ಸ್ ಹೊತ್ತಿನಲ್ಲಿ, ಮೆಲ್ಲಗೆ. ಹುಡುಗನ ತಾಯಿ ಕೇಳಿದರು. ಫಿಸಿಷಿಯನ್ ಮೂರು ವಿಸಿಟ್ ಬಿಡಿ ಅಂತ ಫೈಲಿನಲ್ಲಿ ಬರೆದು ಸಹಿ ಹಾಕಿದರು. ಬಾಯಲ್ಲಿ ಹೇಳಿದರೆ ಸಾಲದು, ಬಿಲ್ಲಿಂಗ್‌ಗೆ ಬರಹ ಬೇಕು. 3,600 ಹೋಯಿತು. ಕೊನೆಗೆ ಕಟ್ಟಿದ್ದು 1,85,350. ಲೆಕ್ಕದಿಂದ ಇಳಿದದ್ದು 38,450, ಕೇಳಿ ಪಡೆದದ್ದು 14,600.

ಅಷ್ಟೂ ದುಡ್ಡು ಕೈಯಲ್ಲಿ ಇಲ್ಲದಿದ್ದರೆ? ಟ್ರಸ್ಟ್ ಆಸ್ಪತ್ರೆಗಳಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್ ಅಂತ ಇರುತ್ತಾರೆ, ಬಿಲ್ಲಿಂಗ್‌ಗಿಂತ ಮೊದಲು ಅವರನ್ನು ನೋಡಿ. ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ ಕೇಳುತ್ತಾರೆ. ಮೂರು ನಾಲ್ಕು ಕಂತು ಮಾಡಿಕೊಡುವ ಕಡೆಗಳೂ ಇವೆ, ಅದನ್ನು ಹಾಳೆಯಲ್ಲಿ ಬರೆಸಿಕೊಳ್ಳಿ. ದುಡ್ಡು ಕಟ್ಟುವವರೆಗೆ ಪೇಷಂಟನ್ನು ಬಿಡುವುದಿಲ್ಲ ಅಂತ ಹೆದರಿಸಿದರೆ ಹೆದರಬೇಡಿ. ಬಾಕಿಗಾಗಿ ರೋಗಿಯನ್ನು ಹಿಡಿದಿಡುವ ಹಾಗಿಲ್ಲ ಅಂತ ಬಾಂಬೆ, ದೆಹಲಿ ಹೈಕೋರ್ಟ್‌ಗಳು ಹೇಳಿವೆ. ತೀರಿಕೊಂಡವರ ದೇಹವನ್ನು ಬಾಕಿಯ ಕಾರಣಕ್ಕೆ ತಡೆಹಿಡಿಯಬಾರದು ಅಂತ ನಮ್ಮ ಕೆಪಿಎಂಇ ಕಾಯ್ದೆಯಲ್ಲೇ ಇದೆ. ಆದರೆ ಸಾಲ ಸಾಲವೇ, ಅದನ್ನು ಆಮೇಲೆ ವಸೂಲಿ ಮಾಡುವ ಹಕ್ಕು ಅವರಿಗಿದೆ.

ವಿಮೆ ಇರುವವರಿಗೆ ಒಂದೆರಡು ಮಾತು. ನಿಮ್ಮ ಜಗಳ ಎರಡು ಕಡೆ ಇರುತ್ತದೆ, ಆಸ್ಪತ್ರೆಯ ಜೊತೆ ಒಂದು, ವಿಮಾ ಕಂಪನಿಯ ಜೊತೆ ಒಂದು, ಅದನ್ನು ಕಲಸಬೇಡಿ. ಆಸ್ಪತ್ರೆಯಲ್ಲಿ ವಿಮೆಯ ಕ್ಲೇಮ್ ನೋಡಿಕೊಳ್ಳುವ ಟಿಪಿಎ ಡೆಸ್ಕಿನಿಂದ ಕೊನೆಯ ಅಪ್ರೂವಲ್ ಲೆಟರ್ ಕೇಳಿ ತಗೊಳ್ಳಿ. "ಇಷ್ಟು ಅಪ್ರೂವ್ ಆಗಿಲ್ಲ, ನೀವು ಕಟ್ಟಿ" ಅಂತ ಕೌಂಟರಿನಲ್ಲಿ ಒಂದೇ ಮೊತ್ತ ಹೇಳುತ್ತಾರೆ. ಲೆಟರಿನಲ್ಲಿ ಅದು ಬಿಡಿಬಿಡಿಯಾಗಿ ಇರುತ್ತದೆ. ಅದರಲ್ಲಿ ಹಾಸ್ಪಿಟಲ್ ಡಿಸ್ಕೌಂಟ್ ಅಂತ ಒಂದು ಸಾಲಿದ್ದರೆ ಅದು ಆಸ್ಪತ್ರೆ ಮತ್ತು ವಿಮಾ ಕಂಪನಿಯ ಒಪ್ಪಂದದಲ್ಲಿ ಆಸ್ಪತ್ರೆ ಬಿಟ್ಟುಕೊಡಬೇಕಾದ ದುಡ್ಡು. ಅದನ್ನು ನಿಮ್ಮಿಂದ ಕೇಳುವ ಹಾಗಿಲ್ಲ. ಕೇಳುತ್ತಾರೆ! ನಾವೇ ಕೇಳಿದ್ದುಂಟು, ನಾಚಿಕೆಯಿಂದ ಹೇಳುತ್ತಿದ್ದೇನೆ. ಗ್ಲೌಸ್, ಮಾಸ್ಕ್ ಇಂಥವು ಪಾಲಿಸಿಯಲ್ಲಿ ಬೇರೆಯಾಗಿ ಸೇರಿಸಿಲ್ಲದಿದ್ದರೆ ನಿಮ್ಮ ಕೈಯಿಂದಲೇ ಹೋಗುತ್ತವೆ. ಆದರೆ ಫೈಲ್ ಚಾರ್ಜ್, ಅಡ್ಮಿಷನ್ ಕಿಟ್, ಪಲ್ಸ್ ಆಕ್ಸಿಮೀಟರ್ ಇವೆಲ್ಲ ರೂಮ್ ಬಾಡಿಗೆಯಲ್ಲೇ ಸೇರಿದ್ದು ಅಂತ ವಿಮಾ ನಿಯಂತ್ರಕ ಐಆರ್‌ಡಿಎಐನ ಪಟ್ಟಿಯಲ್ಲಿದೆ. ಆ ಪಟ್ಟಿ ವಿಮೆಯವರಿಗೆ ಮಾಡಿದ್ದು. ನಗದು ಕಟ್ಟುವವರು ಅದನ್ನು ತೋರಿಸಿದರೆ ಆಸ್ಪತ್ರೆ ಒಪ್ಪಲೇಬೇಕು ಅಂತಿಲ್ಲ.

ಪಾಲಿಸಿಯ ಮಿತಿಗಿಂತ ದೊಡ್ಡ ರೂಮ್ ತಗೊಂಡಾಗ ವಿಮೆಯವರು ಉಳಿದದ್ದನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಾರೆ. ಆದರೆ ಔಷಧ, ಇಂಪ್ಲಾಂಟ್, ಟೆಸ್ಟುಗಳಿಗೆ ಆ ಕತ್ತರಿ ಹಾಕಬಾರದು. ಹಾಕಿದ್ದರೆ ಬಿಲ್ಲಿಂಗ್ ಹುಡುಗನ ಮೇಲೆ ರೇಗಬೇಡಿ, ಅವನದ್ದೇನೂ ತಪ್ಪಿಲ್ಲ. ಮರುಪರಿಶೀಲನೆಗೆ ಕಳಿಸಿ ಅಂತ ಟಿಪಿಎ ಡೆಸ್ಕಿನವರಿಗೆ ಹೇಳಿ.

ಕೊನೆಯಲ್ಲಿ ಹಿಂದಿನ ಸಾಲಿನ ಒಬ್ಬ ಅಮ್ಮ ಕೇಳಿದರು: "ನಾವು ಕಟ್ಟಿ ಮನೆಗೆ ಬಂದು ಎರಡು ತಿಂಗಳಾಯ್ತಪ್ಪಾ. ಈಗ ಏನಾದ್ರೂ ಆಗುತ್ತಾ?"

ಆಗುತ್ತದಮ್ಮ, ಆದರೆ ನಿಧಾನ. ಮೊದಲು ಡಿಟೇಲ್ಡ್ ಬಿಲ್ ಮತ್ತು ಕೇಸ್‌ಶೀಟ್ ಪ್ರತಿ ಬೇಕು ಅಂತ ಬರೆದು ಕೊಡಿ. ಕೇಳಿದ 72 ಗಂಟೆಯೊಳಗೆ ಚಿಕಿತ್ಸೆಯ ದಾಖಲೆ ಕೊಡಬೇಕು ಅಂತ ವೈದ್ಯರ ನಡತೆಯ 2002ರ ನಿಯಮಾವಳಿಯಲ್ಲಿದೆ. ಆಮೇಲೆ ಅದೇ ರೀತಿ ಎಣಿಸಿ. ರೂಮಿನ ದಿನ, ರಿಪೋರ್ಟಿನ ಲೆಕ್ಕ, ವಿಸಿಟ್ ಲೆಕ್ಕ ಈಗಲೂ ಸಿಗುತ್ತವೆ. ಫಾರ್ಮಸಿ ರಿಟರ್ನ್ ಮಾತ್ರ ಮರೆತುಬಿಡಿ. ತಪ್ಪು ಕಂಡರೆ ಬಿಲ್ ನಂಬರ್ ಹಾಕಿ ಇಮೇಲ್ ಕಳಿಸಿ, ಮರುಪಾವತಿ ಕೇಳಿ. ಉತ್ತರ ಬರದಿದ್ದರೆ ಕೆಪಿಎಂಇ ಪ್ರಕಾರ ಜಿಲ್ಲಾ ಮಟ್ಟದಲ್ಲಿ ದೂರು ಕೇಳುವ ಪ್ರಾಧಿಕಾರ ಇದೆ, ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಅರ್ಜಿಯನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಕೊಡಿ. ಗ್ರಾಹಕರ ಆಯೋಗಕ್ಕೆ ಹೋಗಲು ಎರಡು ವರ್ಷದ ಅವಧಿ ಇದೆ, ಕಟ್ಟಿದ ಹಣ ಐದು ಲಕ್ಷದೊಳಗೆ ಇದ್ದರೆ ದೂರಿಗೆ ಶುಲ್ಕವಿಲ್ಲ. ಇನ್ನೂ ಕಟ್ಟದೆ ಇರುವವರು, ಬೇರೆ ದಾರಿ ಇಲ್ಲದೆ ಕಟ್ಟಲೇಬೇಕಾಗಿ ಬಂದರೆ, ಆಸ್ಪತ್ರೆ ಇಟ್ಟುಕೊಳ್ಳುವ ಬಿಲ್ ಪ್ರತಿಯ ಮೇಲೆ "ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ" ಅಂತ ಬರೆದು ಸಹಿ ಹಾಕಿ. ಆಮೇಲೆ ಅದರ ಫೋಟೋ ತೆಗೆದುಕೊಂಡು ಬನ್ನಿ.